100 ಅಂತ ಬರೆಯೋದಾ, 70 ಅಂತ ಬರೆಯೋದಾ

"ಫಂಡಿಂಗ್ ರೌಂಡ್ ಮುಗೀತು, ಹೂಡಿಕೆ ಬಂತು ಅಂತ ಪೋಸ್ಟ್‌ಗೆ ಒಂದು ಕ್ಯಾಪ್ಶನ್ ಬರ್ದುಬಿಡಿ, ಹತ್ತು ನಿಮಿಷದ ಕೆಲ್ಸ" ಅಂತ ನಮ್ಮ ಫೌಂಡರ್ ಹೇಳಿದ್ರು. ಬರೆದು, ತಿದ್ದಿ, ಎಲ್ಲರ ಒಪ್ಪಿಗೆ ತಗೊಂಡು ಕೊನೆಗೆ ಪೋಸ್ಟ್ ಮಾಡೋಕೆ ಒಂಬತ್ತು ದಿನ ಹಿಡೀತು. ಆ ಒಂಬತ್ತು ದಿನದಲ್ಲಿ ಕಂಪನಿಯ ದುಡ್ಡಿನ ಬಗ್ಗೆ ನಾನು ಕಲ್ತಿದ್ದು ಅದಕ್ಕೂ ಮೊದಲಿನ ಎರಡು ವರ್ಷದಲ್ಲಿ ಕಲ್ತಿರ್ಲಿಲ್ಲ. ಅದಾದ್ಮೇಲೆ ಸ್ನೇಹಿತರ ಕಂಪನಿಗಳಿಗೂ ಇಂಥ ಕ್ಯಾಪ್ಶನ್ ಬರ್ಕೊಟ್ಟಿದ್ದೀನಿ, ಆದ್ರೆ ಮನಸ್ಸಲ್ಲಿ ಉಳಿದಿರೋದು ಆ ಮೊದಲನೇದೇ, ಹಾಗಾಗಿ ಅದನ್ನೇ ಪೂರ್ತಿ ಹೇಳ್ತೀನಿ.

ನಮ್ಮದು ಚಿಕ್ಕ ಕಂಪನಿ. ರಿಪೇರಿ ವರ್ಕ್‌ಶಾಪ್‌ಗಳು ಯಾವ ಮಷೀನ್‌ಗೆ ಯಾವಾಗ ಸರ್ವಿಸ್ ಮಾಡಿದ್ವಿ, ಯಾವ ಪಾರ್ಟ್ ಬದಲಾಯಿಸಿದ್ವಿ ಅಂತ ಬರ್ದಿಟ್ಕೊಳ್ಳೋಕೆ ಒಂದು ಸಾಫ್ಟ್‌ವೇರ್ ಮಾಡ್ತೀವಿ. ಹೊರಗಿನ ಬರವಣಿಗೆ ಎಲ್ಲಾ ನನ್ನ ಪಾಲು. ನಿಜವಾದ ಮೊತ್ತ ಇಲ್ಲಿ ಹೇಳಲ್ಲ, ಅದು ಬೇಕಾಗೂ ಇಲ್ಲ. ಎಲ್ಲರ ಬಾಯಲ್ಲಿದ್ದ ಆ ದೊಡ್ಡ ಅಂಕಿಯನ್ನ 100 ಅಂತ ಇಟ್ಕೊಳ್ಳಿ, ಉಳಿದದ್ದೆಲ್ಲ ಅದರ ಲೆಕ್ಕದಲ್ಲೇ ಹೇಳ್ತೀನಿ.

ನನ್ನ ಮೊದಲ ಡ್ರಾಫ್ಟ್ ಶುರುವಾಗಿದ್ದು ಹೀಗೆ: "ನಾವು 100 ಫಂಡಿಂಗ್ ಪಡೆದಿದ್ದೇವೆ ಎಂದು ವಿನಮ್ರತೆಯಿಂದ ಪ್ರಕಟಿಸುತ್ತಿದ್ದೇವೆ." ಇದನ್ನ ಅಕೌಂಟ್ಸ್ ನೋಡ್ಕೊಳ್ಳೋ ಮೇಡಂಗೆ ತೋರಿಸ್ದೆ, ಅಂಕಿ ಸರಿ ಇದ್ಯಾ ಅಂತ ಕೇಳೋಕೆ ಮಾತ್ರ. ಅವರು ಓದಿ, "ಈ 100 ಎಲ್ಲಿದೆ? ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಂತೂ ಇಲ್ಲ" ಅಂದ್ರು. ಆಮೇಲೆ ಒಂದು ಹಾಳೆ ತಗೊಂಡು ಬಿಡಿಸಿ ತೋರಿಸಿದ್ರು.

ಆ 100ರಲ್ಲಿ 18 ಹಳೇ ದುಡ್ಡು. ಎರಡು ವರ್ಷದ ಹಿಂದೆ, ಕಂಪನಿಗೆ ಬೆಲೆ ಕಟ್ಟೋಕೆ ಇನ್ನೂ ಆಗ್ತಿರ್ಲಿಲ್ಲ ಅನ್ನೋ ಹೊತ್ತಲ್ಲಿ, ಕೆಲವರು ಕನ್ವರ್ಟಿಬಲ್ ನೋಟ್ ಮೇಲೆ ದುಡ್ಡು ಕೊಟ್ಟಿದ್ರು. ಅಂದ್ರೆ ಈಗ ದುಡ್ಡು ತಗೊಳ್ಳಿ, ಮುಂದೆ ಯಾವಾಗ ಸರಿಯಾದ ರೌಂಡ್ ಆಗುತ್ತೋ ಆಗ ಅದು ಶೇರ್ ಆಗಿ ಬದಲಾಗ್ಲಿ ಅನ್ನೋ ಕರಾರು. (ಇದೇ ಕೆಲಸಕ್ಕೆ ಇನ್ನೂ ಸರಳವಾದ ಒಂದು ಕಾಗದ ಇದೆ, ಸೇಫ್ ಅಂತಾರೆ, ಹೊಸ ಕಂಪನಿಗಳಿಗೆ ದುಡ್ಡು ಹಾಕೋ ಅಮೆರಿಕದ ವೈ ಕಾಂಬಿನೇಟರ್ ಅನ್ನೋ ಸಂಸ್ಥೆ ಅದನ್ನ 2013ರಲ್ಲಿ ತಂದಿದ್ದು, ಈಗ ತುಂಬಾ ಜನ ಅದನ್ನೇ ಬಳಸ್ತಾರೆ.) ಈ ರೌಂಡ್‌ನಲ್ಲಿ ಆ ನೋಟ್‌ಗಳು ಶೇರ್ ಆದ್ವು. ಕಾಗದದ ಮೇಲೆ ಅದು ರೌಂಡ್‌ನ ಭಾಗಾನೇ, ಅದಕ್ಕೇ ಎಲ್ಲರೂ ಕೂಡ್ಸಿ ಹೇಳ್ತಿದ್ರು. ಆದ್ರೆ ಆ ದುಡ್ಡು ಸಂಬಳ, ಸರ್ವರ್ ಬಿಲ್ ಅಂತ ಯಾವತ್ತೋ ಖರ್ಚಾಗಿ ಹೋಗಿತ್ತು.

ಇನ್ನು 12 ಸಾಲ. ವೆಂಚರ್ ಡೆಟ್ ಅಂತ ಚೆನ್ನಾಗಿರೋ ಹೆಸರಿದೆ, ಆದ್ರೆ ಬಡ್ಡಿ ಸಮೇತ ವಾಪಸ್ ಕೊಡಬೇಕಾದ ದುಡ್ಡು ಅದು. ನಮ್ಮ ವಿಷ್ಯದಲ್ಲಿ ಅದನ್ನ ಇನ್ನೂ ತಗೊಂಡೂ ಇರ್ಲಿಲ್ಲ, ಬೇಕಾದಾಗ ತಗೋಬಹುದು ಅಂತ ಒಪ್ಪಂದ ಅಷ್ಟೇ.

ಉಳಿದಿದ್ದು 70. ಇದು ನಿಜವಾಗ್ಲೂ ಹೊಸ ಹೂಡಿಕೆ. ಆದ್ರೆ ಅದೂ ಒಂದೇ ಸಲ ಬರಲ್ಲ. 40 ಈಗ, 30 ಮುಂದೆ, ಒಪ್ಕೊಂಡ ಕೆಲವು ಗುರಿ ಮುಟ್ಟಿದ್ಮೇಲೆ. ಇದಕ್ಕೆ ಟ್ರಾಂಚ್ ಅಂತಾರೆ. ಗುರಿ ಮುಟ್ಟದಿದ್ರೆ ಎರಡನೇ ಕಂತು ಬರದೇನೂ ಇರಬಹುದು, ಅಥವಾ ಶರತ್ತು ಬದಲಾಗಿ ಬರಬಹುದು.

ಹಾಗಾಗಿ ನಾನು 100 ಅಂತ ಬರೆದ ದಿನ ಬ್ಯಾಂಕಲ್ಲಿ ಹೊಸದಾಗಿ ಬಂದು ಕೂತಿದ್ದು 40. ಅದರಲ್ಲೂ ವಕೀಲರ ಫೀಸ್ ಹೋಗ್ಬೇಕಿತ್ತು, ಇಂಥ ರೌಂಡ್‌ಗಳಲ್ಲಿ ಲೀಡ್ ಇನ್ವೆಸ್ಟರ್, ಅಂದ್ರೆ ಹೂಡಿಕೆದಾರರ ಪೈಕಿ ಮುಂದೆ ನಿಂತು ಶರತ್ತು ಮಾತಾಡೋರು, ಅವರ ಕಡೆ ವಕೀಲರ ಖರ್ಚನ್ನೂ ಒಂದು ಮಿತಿವರೆಗೆ ಕಂಪನಿನೇ ಕೊಡೋದು ಮಾಮೂಲಿ. ಮೇಡಂ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದ್ರು. ಬರೋ ದುಡ್ಡನ್ನ ಕಳೆದ್ಮೇಲೆ ತಿಂಗಳಿಗೆ ನಮ್ಮ ನಿವ್ವಳ ಖರ್ಚು 2. 40ನ್ನ 2ರಿಂದ ಭಾಗಿಸಿದ್ರೆ 20 ತಿಂಗಳು. ಹೊರಗಿನವರು 100 ಅಂತ ಓದಿ ಲೆಕ್ಕ ಹಾಕಿದ್ರೆ 50 ತಿಂಗಳು, ನಾಲ್ಕು ವರ್ಷದ ಮೇಲೆ. ಒಂದೇ ಕಂಪನಿ, ಎರಡು ಬೇರೆ ಬೇರೆ ಭವಿಷ್ಯ.

ಇಲ್ಲಿ ಒಂದು ವಿಷ್ಯ ನಂಗೆ ಸ್ಪಷ್ಟ ಆಯ್ತು. ಫಂಡಿಂಗ್ ಕ್ಯಾಪ್ಶನ್‌ನಲ್ಲಿ ವಿನಯ ಅನ್ನೋದು ದನಿಯಲ್ಲಿ ಇರೋದಲ್ಲ. "ವಿನಮ್ರತೆಯಿಂದ" ಅಂತ ಬರೆದು ಪಕ್ಕದಲ್ಲೇ 100 ಇಟ್ರೆ ಆ ಪದಕ್ಕೆ ಏನೂ ಕೆಲ್ಸ ಇಲ್ಲ. ಅಂಕಿಯ ಒಳಗೆ ಏನೇನಿದೆ ಅಂತ ನೋಡಿ, ನಮ್ಮದಲ್ಲದ್ದನ್ನ, ಇನ್ನೂ ಬರದೇ ಇರೋದನ್ನ, ವಾಪಸ್ ಕೊಡಬೇಕಾಗಿರೋದನ್ನ ಅದರಿಂದ ಹೊರಗಿಟ್ರೆ ಅಲ್ಲಿಗೆ ವಿನಯ ತಾನಾಗೇ ಬರುತ್ತೆ, ಪದ ಬೇಕಾಗಲ್ಲ.

ಫೌಂಡರ್ ಮೊದಲು ಒಪ್ಲಿಲ್ಲ. ಅವರ ವಾದದಲ್ಲೂ ಅರ್ಥ ಇತ್ತು, ಅದನ್ನ ತಳ್ಳಿಹಾಕೋಕೆ ಆಗಲ್ಲ. "ಎಲ್ಲರೂ ಕೂಡ್ಸೇ ಹೇಳ್ತಾರೆ, ನಾವೊಬ್ರೇ ಕಳೆದು ಹೇಳಿದ್ರೆ ನಮ್ಮ ಕಂಪನಿನೇ ಚಿಕ್ಕದು ಅಂತ ಕಾಣುತ್ತೆ, ದೊಡ್ಡ ಗ್ರಾಹಕರು ಇವ್ರು ಎಷ್ಟು ದಿನ ಇರ್ತಾರೋ ಅಂತ ಯೋಚಿಸ್ತಾರೆ" ಅಂದ್ರು. ನಿಜ, ಗ್ರಾಹಕರಿಗೆ ಕಂಪನಿ ನಾಳೆ ಇರುತ್ತಾ ಅನ್ನೋ ಭರವಸೆ ಬೇಕು. ಆದ್ರೆ ಅಂಕಿಯನ್ನ ಓದೋರು ಅವರೊಬ್ರೇ ಅಲ್ವಲ್ಲ. ಕೆಲಸಕ್ಕೆ ಅರ್ಜಿ ಹಾಕಿರೋರು ಓದ್ತಾರೆ, ಇಷ್ಟು ದುಡ್ಡಿದೆ ಅಂತ ಅದಕ್ಕೆ ತಕ್ಕ ಸಂಬಳ ಕೇಳ್ತಾರೆ, ಕೇಳೋದ್ರಲ್ಲಿ ತಪ್ಪೂ ಇಲ್ಲ. ನಮಗೆ ಸಾಮಾನು ಸರ್ವಿಸ್ ಕೊಡೋರು ಓದ್ತಾರೆ, ಇಷ್ಟು ದಿನ ನಿಧಾನಕ್ಕೆ ಕೊಡಿ ಅಂತಿದ್ದೋರು ಈ ತಿಂಗಳೇ ಕ್ಲಿಯರ್ ಮಾಡಿ ಅಂತಾರೆ. ಒಳಗಿನ ನಮ್ಮ ಹುಡುಗ್ರು ಹುಡುಗೀರೇ ಓದ್ತಾರೆ, ಕಳೆದ ವರ್ಷ ಸಂಬಳ ಏರಿಸ್ದೆ ತಡ್ಕೊಂಡಿದ್ದೋರು. ಅವರಿಗೆಲ್ಲ 100 ಅಂತ ಹೇಳಿ ಆಮೇಲೆ 40ರ ಹಾಗೆ ನಡ್ಕೊಂಡ್ರೆ ಅದನ್ನ ಜಿಪುಣತನ ಅಂತ ತಿಳ್ಕೊಳ್ತಾರೆ, ಲೆಕ್ಕ ಅಂತ ತಿಳ್ಕೊಳ್ಳಲ್ಲ.

ಈ ಮಾತಾದ್ಮೇಲೆ ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದ್ರೆ ಅಂಕಿನೇ ಬೇಡ" ಅಂದ್ರು. ಅದೂ ಒಂದು ದಾರಿನೇ, ಎಷ್ಟೋ ಕಂಪನಿಗಳು ಹಾಗೇ ಮಾಡ್ತವೆ. ಆದ್ರೆ ಅಂಕಿ ಬಿಟ್ಟ ಜಾಗ ಖಾಲಿ ಉಳಿಯಲ್ಲ, ಊಹೆ ಬಂದು ಕೂರುತ್ತೆ. ಜೊತೆಗೆ ಕೆಲವು ದೇಶಗಳಲ್ಲಿ ಮುಚ್ಚಿಟ್ಕೊಳ್ಳೋಕೂ ಆಗಲ್ಲ. ಅಮೆರಿಕದಲ್ಲಿ ಖಾಸಗಿಯಾಗಿ ಶೇರ್ ಮಾರಿ ಹಣ ತಗೊಂಡ ಕಂಪನಿ ಸಾಮಾನ್ಯವಾಗಿ ಮೊದಲ ಮಾರಾಟ ಆಗಿ 15 ದಿನದೊಳಗೆ ಫಾರ್ಮ್ ಡಿ ಅನ್ನೋ ಕಾಗದ ಸಲ್ಲಿಸ್ಬೇಕು, ಅದರಲ್ಲಿ ಮೊತ್ತ ಇರುತ್ತೆ, ಅದು ಯಾರು ಬೇಕಾದ್ರೂ ನೋಡೋ ಹಾಗೆ ಇಂಟರ್ನೆಟ್‌ನಲ್ಲಿ ಇರುತ್ತೆ. ಅಲ್ಲಿರೋ ಅಂಕಿಗೂ ಕ್ಯಾಪ್ಶನ್‌ನಲ್ಲಿರೋ ಅಂಕಿಗೂ ತಾಳೆ ಆಗದಿದ್ರೆ ಯಾಕೆ ಅಂತ ಒಬ್ಬರಾದ್ರೂ ಕೇಳೇ ಕೇಳ್ತಾರೆ. ನಿಮ್ಮ ದೇಶದಲ್ಲಿ ಇಂಥ ಫೈಲಿಂಗ್ ಏನಿದೆ ಅಂತ ಕ್ಯಾಪ್ಶನ್ ಬರೆಯೋ ಮೊದಲೇ ವಕೀಲರನ್ನ ಕೇಳ್ಕೊಳ್ಳೋದು ಒಳ್ಳೇದು.

ಸಮಯದ ವಿಷ್ಯಾನೂ ಇದ್ರ ಜೊತೆಗೇ ಬರುತ್ತೆ. ಹೂಡಿಕೆಯ ಮುಖ್ಯ ಶರತ್ತುಗಳನ್ನ ಬರೆದಿರೋ ಟರ್ಮ್ ಶೀಟ್‌ಗೆ ಸಹಿ ಬಿದ್ದ ಸಂಜೆನೇ ಪೋಸ್ಟ್ ಹಾಕೋ ಆಸೆ ಎಲ್ಲರಿಗೂ ಇರುತ್ತೆ. ಆದ್ರೆ ಟರ್ಮ್ ಶೀಟ್‌ನ ಬಹುಪಾಲು ಯಾರನ್ನೂ ಕಟ್ಟಿಹಾಕಲ್ಲ, ಆಚೆ ಯಾರಿಗೂ ಹೇಳಬಾರದು ಮತ್ತು ಇಷ್ಟು ದಿನ ಬೇರೆಯವರ ಹತ್ರ ಮಾತಾಡಬಾರದು ಅನ್ನೋ ಒಂದೆರಡು ಕಲಮುಗಳು ಮಾತ್ರ ಸಾಮಾನ್ಯವಾಗಿ ಕಟ್ಟಿಹಾಕೋದು. ಅಂದ್ರೆ ದುಡ್ಡು ಬಂದೇ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಬಾಯಿ ಬಿಡಬಾರದು ಅನ್ನೋದು ಮಾತ್ರ ಖಾತ್ರಿ. ಇಷ್ಟರ ಮೇಲೆ ರೌಂಡ್ ಇನ್ನೂ ನಡೀತಿರೋವಾಗ "ಹಣ ತಗೊಳ್ತಿದ್ದೀವಿ" ಅಂತ ಎಲ್ಲರೆದುರು ಹೇಳೋದು ಕೆಲವು ಕಡೆ ಕಾನೂನಿನ ತೊಡಕನ್ನೇ ತರುತ್ತೆ, ಯಾಕಂದ್ರೆ ಅದು ಸಾರ್ವಜನಿಕರನ್ನ ಹೂಡಿಕೆಗೆ ಕರೆದ ಹಾಗೆ ಆಗುತ್ತೆ. ನಾವು ದುಡ್ಡು ಬ್ಯಾಂಕಿಗೆ ಬಂದು, ಶೇರ್ ಹಂಚಿಕೆ ಆಗಿ, ಕಾಗದ ಸಲ್ಲಿಸಿದ್ಮೇಲೇನೇ ಹಾಕಿದ್ದು.

ಕೊನೆಗೆ ಅಂಕಿ ಎಲ್ಲಿಗೆ ಬಂದು ನಿಂತಿತು ಅಂದ್ರೆ, 70. ನನಗೆ ಅದರ ಪಕ್ಕದಲ್ಲಿ "40 ಈಗ, 30 ಗುರಿ ಮುಟ್ಟಿದಾಗ" ಅಂತ ಬರೀಬೇಕು ಅಂತಿತ್ತು. ಲೀಡ್ ಇನ್ವೆಸ್ಟರ್ ಕಡೆಯವರು ಬೇಡ ಅಂದ್ರು, ಕಂತಿನ ಶರತ್ತುಗಳು ಒಪ್ಪಂದದ ಗುಟ್ಟಿನ ಭಾಗ, ಹೊರಗೆ ಹಾಕೋ ಹಾಗಿಲ್ಲ ಅಂತ. ಅದು ಅವರ ಹಕ್ಕು. ಎರಡು ದಿನ ಹಿಂದೆ ಮುಂದೆ ಮೇಲ್ ಆಡಿದ್ಮೇಲೆ "ಹಂತ ಹಂತವಾಗಿ ಬರುತ್ತೆ" ಅನ್ನೋ ಮಾತಿಗೆ ಒಪ್ಪಿದ್ರು. ಅಂಕಿ ಇಲ್ದೆ, ಶರತ್ತು ಹೇಳ್ದೆ, ಪೂರ್ತಿ ಮೊತ್ತ ಇವತ್ತೇ ಕೈಯಲ್ಲಿಲ್ಲ ಅನ್ನೋದು ಮಾತ್ರ ತಿಳಿಯುತ್ತೆ. ಸಾಕಾಗಿತ್ತು. ವ್ಯಾಲ್ಯುಯೇಶನ್, ಅಂದ್ರೆ ಕಂಪನಿಗೆ ಕಟ್ಟಿದ ಬೆಲೆ, ಹೇಳಲೇ ಇಲ್ಲ. ಅದು ಹೊಸ ಹೂಡಿಕೆದಾರರು ತಮ್ಮ ವಿಶೇಷ ಹಕ್ಕಿರೋ ಶೇರ್‌ಗೆ ಕೊಟ್ಟ ಬೆಲೆಯನ್ನ ಎಲ್ಲಾ ಶೇರ್‌ಗಳಿಗೂ ಹಚ್ಚಿ ಗುಣಿಸಿದ ಅಂಕಿ, ಕಂಪನಿ ಮಾರಿದ್ರೆ ಮೊದಲು ಅವರ ದುಡ್ಡು ವಾಪಸ್ ಹೋಗುತ್ತೆ, ಆಮೇಲೆ ಉಳಿದವ್ರದ್ದು. ಅದನ್ನ ಕ್ಯಾಪ್ಶನ್‌ನಲ್ಲಿ ಹಾಕಿದ್ರೆ ಶೇರ್ ಆಪ್ಶನ್, ಅಂದ್ರೆ ಮುಂದೆ ನಿಗದಿ ಬೆಲೆಗೆ ಶೇರ್ ತಗೊಳ್ಳೋ ಹಕ್ಕು, ಇರೋ ನಮ್ಮ ಸಹೋದ್ಯೋಗಿಗಳು ಕೂತು ತಮ್ಮ ಪಾಲಿಗೆ ಲೆಕ್ಕ ಹಾಕ್ತಿದ್ರು, ಆ ಲೆಕ್ಕ ತಪ್ಪಾಗ್ತಿತ್ತು.

ಇನ್ನೊಂದು ಅಂಕಿ ಬೆಳವಣಿಗೆದು. ಡ್ರಾಫ್ಟ್‌ನಲ್ಲಿ "ಒಂದೇ ವರ್ಷದಲ್ಲಿ 300% ಬೆಳವಣಿಗೆ" ಅಂತಿತ್ತು. ಸುಳ್ಳಲ್ಲ. ದುಡ್ಡು ಕೊಟ್ಟು ಬಳಸೋ ವರ್ಕ್‌ಶಾಪ್‌ಗಳು 8 ಇದ್ವು, 32 ಆದ್ವು, 24 ಹೆಚ್ಚಾಯ್ತು, 8ರ ಮೇಲೆ 24 ಅಂದ್ರೆ 300%. ಇದನ್ನೇ ನಾಲ್ಕು ಪಟ್ಟು ಅಂತಾನೂ ಹೇಳಬಹುದು, ಜನ ಇವೆರಡನ್ನೂ ಗೊಂದಲ ಮಾಡ್ಕೊಂಡು ಮೂರು ಪಟ್ಟು ಅಂತಾನೂ ಓದ್ಕೊಳ್ತಾರೆ. ಆದ್ರೆ ನನ್ನ ತಕರಾರು ಅದಲ್ಲ. ಶೇಕಡಾ ಲೆಕ್ಕ ಮೊದಲಿನ ಅಂಕಿಯನ್ನ ಮುಚ್ಚಿಡುತ್ತೆ. 8 ಅನ್ನೋದನ್ನ ಹೇಳೋಕೆ ನಾಚಿಕೆ ಅನ್ಸಿದಾಗ್ಲೇ 300% ಅನ್ನೋದು ನೆನಪಾಗೋದು. "8 ಇದ್ದದ್ದು 32 ಆಯ್ತು" ಅಂತ ಬರೆದ್ರೆ ಓದೋರಿಗೆ ಕಂಪನಿ ಎಷ್ಟು ದೊಡ್ಡದು ಅಂತಾನೂ ಗೊತ್ತಾಗುತ್ತೆ, ಎಷ್ಟು ಓಡಾಡಿದ್ದಾರೆ ಅಂತಾನೂ ಗೊತ್ತಾಗುತ್ತೆ. ಸೈನ್ ಅಪ್ ಮಾಡಿ ಮತ್ತೆ ತಿರುಗಿ ನೋಡದ ಅಕೌಂಟ್‌ಗಳ ಲೆಕ್ಕ ಬೇರೆ ಇತ್ತು, ಅದು ಇನ್ನೂ ದೊಡ್ಡ ಅಂಕಿ. ಅದನ್ನ ಯಾರೂ ಹಾಕೋಣ ಅಂತ ಅನ್ಲಿಲ್ಲ, ಆ ಹೊತ್ತಿಗೆ ಎಲ್ಲರೂ ಒಂದೇ ದಾರಿಗೆ ಬಂದಿದ್ವಿ.

ಕ್ರಿಯಾಪದದ ಮೇಲೆ ನಾನು ಒಂದು ಪೂರ್ತಿ ಸಂಜೆ ಕಳೆದಿದ್ದೀನಿ. ಕನ್ನಡದಲ್ಲಿ ಈ ಸಾಲು ಬರೆಯೋವಾಗ ಮೊದಲು ಬಾಯಿಗೆ ಬರೋದು "ಹಣ ಎತ್ತಿದ್ವಿ". ಚಂದಾ ಎತ್ತಿದ ಹಾಗೆ ಕೇಳ್ಸುತ್ತೆ. "ಫಂಡಿಂಗ್ ಸಿಕ್ತು" ಅಂದ್ರೆ ದಾರೀಲಿ ಬಿದ್ದಿತ್ತು, ಸಿಕ್ತು ಅನ್ನೋ ಹಾಗೆ, ಇಲ್ಲಾಂದ್ರೆ ಬಹುಮಾನದ ಹಾಗೆ. "ಗಳಿಸಿದ್ದೇವೆ" ಅಂತ ಒಬ್ರು ಸೂಚಿಸಿದ್ರು, ಅದಂತೂ ಪೂರಾ ತಪ್ಪು, ಗಳಿಸೋದು ಗ್ರಾಹಕರಿಂದ, ಇದು ಗಳಿಕೆ ಅಲ್ಲ. ಇದಕ್ಕೆಲ್ಲ ಕಾರಣ ಏನಂದ್ರೆ ನಾವು ನಮ್ಮನ್ನೇ ಕರ್ತೃ ಮಾಡ್ಕೊಂಡು ವಾಕ್ಯ ಶುರು ಮಾಡ್ತಿದ್ವಿ. ತಿರುಗಿಸಿ, ದುಡ್ಡು ಹಾಕಿದೋರನ್ನ ಮುಂದಿಟ್ಟು, "ಇವರು ನಮ್ಮ ಕಂಪನಿಯಲ್ಲಿ ಹಣ ಹೂಡಿದ್ದಾರೆ" ಅಂತ ಬರೆದ ಕೂಡ್ಲೇ ಸರಿ ಹೋಯ್ತು. ಹೂಡೋದು ಅನ್ನೋ ಪದವೇ ಚೆನ್ನಾಗಿದೆ, ನೇಗಿಲು ಹೂಡ್ತಾರೆ, ಒಲೆ ಹೂಡ್ತಾರೆ, ಅಲ್ಲಿಂದ ಕೆಲಸ ಶುರು ಅಂತ ಅರ್ಥ, ಯಾವ್ದೂ ಮುಗಿದಿದ್ದಲ್ಲ. ಇಂಥ ಪದ ಕೈಯಲ್ಲಿರೋವಾಗ ಇನ್ನೊಂದು ಭಾಷೆಯಿಂದ "ಪ್ರಕಟಿಸಲು ರೋಮಾಂಚಿತರಾಗಿದ್ದೇವೆ" ಅಂತೆಲ್ಲ ಹೊತ್ಕೊಂಡು ಬರೋದು ಯಾಕೆ ಅಂತ ನನಗೆ ಇವತ್ತಿಗೂ ಬೇಜಾರಾಗುತ್ತೆ.

ಈಗ ಥ್ಯಾಂಕ್ಸ್ ವಿಷ್ಯಕ್ಕೆ ಬರ್ತೀನಿ, ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಇದೇ.

ಮೊದಲ ಡ್ರಾಫ್ಟ್‌ನಲ್ಲಿ ಇನ್ವೆಸ್ಟರ್‌ಗಳ ಹೆಸರು ಮೇಲೆ, ಆಮೇಲೆ ಒಂದೇ ಸಾಲಲ್ಲಿ "ನಮ್ಮ ತಂಡ, ಗ್ರಾಹಕರು, ಕುಟುಂಬದವರು ಮತ್ತು ಬೆಂಬಲಿಸಿದ ಎಲ್ಲರಿಗೂ ಧನ್ಯವಾದಗಳು". ಈ ಸಾಲನ್ನ ಯಾವ ಕಂಪನಿಯ ಪೋಸ್ಟ್‌ಗೆ ಬೇಕಾದ್ರೂ ಅಂಟಿಸಬಹುದು. ಓದೋರಲ್ಲಿ ಒಬ್ರಿಗೂ ಇದು ನನಗೆ ಹೇಳಿದ್ದು ಅಂತ ಅನ್ಸಲ್ಲ. ಹಾಗಾಗಿ ನಾನು ಒಂದು ಕೆಲಸ ಮಾಡ್ದೆ. ಕಂಪನಿ ಶುರುವಾದಾಗಿನಿಂದ ಯಾರು ಏನು ಮಾಡಿದ್ರು, ಅದು ಆಗದಿದ್ರೆ ಏನಾಗ್ತಿತ್ತು ಅಂತ ಎಲ್ಲರನ್ನೂ ಕೇಳಿ ಬರ್ಕೊಂಡೆ.

ಮೊದಲು ಬಂದ ಹೆಸರು ನಮ್ಮ ಮೂರನೇ ಗ್ರಾಹಕರದ್ದು. ಒಂದ್ಸಲ ನಮ್ಮ ಅಪ್‌ಡೇಟ್‌ನಲ್ಲಿ ತಪ್ಪಾಗಿ ಅವರ ಎರಡು ವಾರದ ಸರ್ವಿಸ್ ದಾಖಲೆ ಕಾಣ್ದೇ ಹೋಗಿತ್ತು. ಅವರು ಫೋನ್ ಮಾಡಿ ಚೆನ್ನಾಗಿ ಬೈದ್ರು. ಆಮೇಲೆ ನಾವು ಬ್ಯಾಕಪ್‌ನಿಂದ ಹುಡುಕಿ ತರೋವರೆಗೂ ಎರಡು ದಿನ ಕಾದ್ರು, ಮೂರನೇ ದಿನ ಬೆಳಿಗ್ಗೆ ಮತ್ತೆ ಲಾಗಿನ್ ಆದ್ರು. ಅವರು ಅವತ್ತು ಬಿಟ್ಟು ಹೋಗಿದ್ರೆ ಉಳಿದ ಏಳು ಜನರಿಗೂ ಸುದ್ದಿ ಹೋಗ್ತಿತ್ತು. ಇನ್ವೆಸ್ಟರ್ ಒಬ್ರು ನಮ್ಮ ಬಗ್ಗೆ ವಿಚಾರಿಸೋಕೆ ಫೋನ್ ಮಾಡಿದ್ದೂ ಇವರಿಗೇನೇ. ಅವರನ್ನ ಹೆಸರು ಹೇಳಿ ನೆನೀಬೇಕು ಅಂತ ನನಗೆ ಆಸೆ. ಆದ್ರೆ ಕೇಳ್ದೆ ಹಾಕೋ ಹಾಗಿಲ್ಲ, ಕರಾರಲ್ಲೇ ಒಬ್ಬರ ಹೆಸರು ಇನ್ನೊಬ್ಬರು ಪ್ರಚಾರಕ್ಕೆ ಬಳಸೋ ಮುಂಚೆ ಲಿಖಿತ ಒಪ್ಪಿಗೆ ಬೇಕು ಅಂತಿತ್ತು. ಫೋನ್ ಮಾಡ್ದೆ. "ಹೆಸ್ರು ಬೇಡ ಮೇಡಂ, ನನ್ನ ದಾಖಲೆ ಕಳೆದಿತ್ತು ಅಂತ ನನ್ನ ಗ್ರಾಹಕರಿಗೆ ಗೊತ್ತಾಗೋದು ಬೇಡ" ಅಂದ್ರು. ಆಮೇಲೆ ಸ್ವಲ್ಪ ತಡೆದು, "ಆದ್ರೆ ಕೇಳಿದ್ರಲ್ಲ, ಸಂತೋಷ" ಅಂದ್ರು.

ಹೀಗೆ ಹೆಸರಿಲ್ಲದೇನೇ, ಮಾಡಿದ ಕೆಲಸ ಹೇಳಿ ಥ್ಯಾಂಕ್ಸ್ ಹೇಳೋ ದಾರಿ ಸಿಕ್ತು. ಹೆಸರು ಹಾಕಿ ನಲವತ್ತು ಜನರನ್ನ ಟ್ಯಾಗ್ ಮಾಡೋದಕ್ಕಿಂತ ಇದು ಗಟ್ಟಿ ಅಂತ ನನ್ನ ಅಭಿಪ್ರಾಯ. ಟ್ಯಾಗ್ ಮಾಡಿದ್ರೆ ಆ ನಲವತ್ತು ಜನರ ಫೋನ್‌ಗೂ ಒಂದು ನೋಟಿಫಿಕೇಶನ್ ಹೋಗುತ್ತೆ, ಅಷ್ಟಕ್ಕೇ ಮುಗೀತು. ಆಮೇಲೆ ಪಟ್ಟಿ ಇಟ್ಟ ಮೇಲೆ ಪಟ್ಟಿಯಲ್ಲಿ ಇಲ್ಲದೋರು ಹುಟ್ಕೊಳ್ತಾರೆ.

ಪಟ್ಟಿಯಲ್ಲಿ ಯಾವಾಗ್ಲೂ ಬಿಟ್ಟು ಹೋಗೋರು ಯಾರು ಅಂದ್ರೆ ಕಂಪನಿ ಬಿಟ್ಟು ಹೋದೋರು. ನಮ್ಮಲ್ಲಿ ಇಬ್ರು ಇದ್ರು. ಮೊದಲ ವರ್ಷ ರಾತ್ರಿ ಹಗಲು ಕೂತು ಮೊದಲನೇ ವರ್ಶನ್ ಕಟ್ಟಿದೋರು. ದುಡ್ಡು ಮುಗೀತಾ ಬಂದಾಗ ಮೂರು ತಿಂಗಳು ಅರ್ಧ ಸಂಬಳಕ್ಕೆ ಕೆಲಸ ಮಾಡಿ, ಆಮೇಲೆ ಮನೆ ನಡೀಬೇಕಲ್ಲ ಅಂತ ಬೇರೆ ಕಡೆ ಹೋದ್ರು. ಅವರ ಕೋಡ್ ಇವತ್ತಿಗೂ ಓಡ್ತಿದೆ. ಈ ಪೋಸ್ಟ್ ನೋಡಿದಾಗ ಅವರಿಗೆ ಹೇಗನ್ಸುತ್ತೆ ಅಂತ ಯೋಚ್ನೆ ಮಾಡಿದ್ರೆ ನನಗೆ ಗಂಟಲು ಕಟ್ಟಿದ ಹಾಗಾಯ್ತು. ಫೌಂಡರ್‌ಗೆ ಹೇಳ್ದೆ. ಅವರು ಅವತ್ತೇ ಇಬ್ರಿಗೂ ತಾವೇ ಫೋನ್ ಮಾಡಿದ್ರು, ಬಾಕಿ ಇದ್ದ ಅರ್ಧ ಸಂಬಳ ಈ ದುಡ್ಡಲ್ಲಿ ಮೊದಲು ಕೊಡ್ತೀವಿ ಅಂತ ಹೇಳಿದ್ರು, ಕೊಟ್ರು ಕೂಡ. ಅದನ್ನ ಕ್ಯಾಪ್ಶನ್‌ನಲ್ಲಿ ಬರೀಬೇಡಿ ಅಂದ್ರು, ಬರೀಲಿಲ್ಲ.

ಹೂಡಿಕೆದಾರರ ಸಾಲಲ್ಲಿ ಒಂದು ಸೂಕ್ಷ್ಮ ಇದೆ. ಯಾರು ಲೀಡ್, ಯಾರು ಜೊತೆಗೆ ಬಂದೋರು, ಯಾರ ಹೆಸರು ಮೊದಲು ಅನ್ನೋದೆಲ್ಲ ಅವರವರ ಕಡೆಯವರು ನೋಡಿ ತಿದ್ದಿ ಕಳಿಸ್ತಾರೆ, ಅದರಲ್ಲಿ ದೊಡ್ಡ ಕಷ್ಟ ಇಲ್ಲ. ಕಷ್ಟ ಇರೋದು "ನಮ್ಮ ಹಳೆಯ ಹೂಡಿಕೆದಾರರೂ ಈ ಸಲ ಭಾಗವಹಿಸಿದ್ದಾರೆ" ಅನ್ನೋ ಸಾಲಲ್ಲಿ. ಈ ವ್ಯವಹಾರ ಗೊತ್ತಿರೋರು ಮೊದಲು ಹುಡುಕೋದೇ ಇದನ್ನ, ಯಾಕಂದ್ರೆ ಒಳಗಿನಿಂದ ಕಂಪನಿ ನೋಡಿರೋರು ಮತ್ತೆ ದುಡ್ಡು ಹಾಕಿದ್ರು ಅಂದ್ರೆ ಅದಕ್ಕೆ ಬೆಲೆ ಇದೆ. ನಮ್ಮಲ್ಲಿ ಹಳೇ ಐದು ಜನರಲ್ಲಿ ಇಬ್ರು ಮಾತ್ರ ಹೊಸ ದುಡ್ಡು ಹಾಕಿದ್ರು, ಉಳಿದ ಮೂವರ ನೋಟ್ ಶೇರ್ ಆಯ್ತು ಅಷ್ಟೇ. "ಹಳೆಯ ಹೂಡಿಕೆದಾರರೂ" ಅಂತ ಸುಮ್ನೆ ಬರೆದ್ರೆ ಐದೂ ಜನ ಅಂತ ಅರ್ಥ ಬರುತ್ತೆ. "ಹಳೆಯ ಹೂಡಿಕೆದಾರರಲ್ಲಿ ಇಬ್ಬರು" ಅಂತ ಬರೆದ್ರೆ ಉಳಿದ ಮೂವರಿಗೆ ಮುಜುಗರ. ಹಾಗಾಗಿ ಅವರನ್ನ ಈ ರೌಂಡ್‌ಗೆ ಸೇರಿಸ್ದೇನೇ, "ನಮ್ಮ ಹತ್ರ ತೋರಿಸೋಕೆ ಏನೂ ಇಲ್ದೇ ಇದ್ದಾಗ ದುಡ್ಡು ಕೊಟ್ಟ ಐದು ಜನ" ಅಂತ ಬೇರೆ ಸಾಲು ಮಾಡಿದ್ವಿ. ಅದು ಐದೂ ಜನರ ಬಗ್ಗೆ ನಿಜ. ಹೊಸ ಲೀಡ್ ಹೆಸರನ್ನ ಮಾತ್ರ ಈ ರೌಂಡ್ ಜೊತೆ ಇಟ್ವಿ.

ಎಲ್ಲಿ ಏನು ಕಾಣುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ಗೆ 2,200 ಕ್ಯಾರೆಕ್ಟರ್ ಮಿತಿ, ಲಿಂಕ್ಡ್‌ಇನ್ ಪೋಸ್ಟ್‌ಗೆ 3,000, ಆದ್ರೆ ಎರಡರಲ್ಲೂ ಮೊದಲ ಕೆಲವು ಸಾಲಷ್ಟೇ ಕಾಣ್ಸೋದು, ಉಳಿದದ್ದಕ್ಕೆ ಒತ್ತಬೇಕು, ಬಹಳ ಜನ ಒತ್ತಲ್ಲ. ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ವಿಷ್ಯ, ಅಲ್ಲಿ ಎಣಿಸೋ ಕ್ಯಾರೆಕ್ಟರ್ ನಮ್ಮ ಅಕ್ಷರ ಅಲ್ಲ. ಕೊಂಬು, ದೀರ್ಘ, ಒತ್ತಿಗಾಗಿ ಹಾಕೋ ವಿರಾಮ ಎಲ್ಲಾ ಒಂದೊಂದಾಗಿ ಲೆಕ್ಕಕ್ಕೆ ಬರ್ತವೆ. "ಸ್ಟಾರ್ಟಪ್" ನಮಗೆ ಮೂರು ಅಕ್ಷರದ ಹಾಗೆ ಕಾಣುತ್ತೆ, ಕಂಪ್ಯೂಟರ್‌ಗೆ ಅದು 9. ಹಾಗಾಗಿ ಮೊದಲ ಸಾಲಲ್ಲಿ ಜಾಗ ನಾವಂದ್ಕೊಂಡಷ್ಟು ಇಲ್ಲ. ಆ ಜಾಗದಲ್ಲಿ ಅಂಕಿ ಇಡೋದಾ, ಥ್ಯಾಂಕ್ಸ್ ಇಡೋದಾ ಅನ್ನೋದ್ರಲ್ಲೇ ಇಡೀ ಪೋಸ್ಟ್‌ನ ಸ್ವಭಾವ ತೀರ್ಮಾನ ಆಗುತ್ತೆ. ಇದ್ರ ಮೇಲೆ ಚಿತ್ರ ಒಂದು. ಡಿಸೈನ್ ಮಾಡೋ ಹುಡುಗ ತುಂಬಾ ಆಸೆಯಿಂದ ಮೊತ್ತವನ್ನ ದಪ್ಪ ಅಕ್ಷರದಲ್ಲಿ ಪೂರ್ತಿ ಚಿತ್ರ ತುಂಬಾ ಬರೆದಿದ್ದ. ಕೆಳಗೆ ಎಷ್ಟೇ ಅಳೆದು ಬರೆದ್ರೂ ಜನ ಓದೋದು ಆ ಚಿತ್ರವನ್ನೇ, ಕ್ಯಾಪ್ಶನ್ ಇಲ್ಲದೆ ಆ ಚಿತ್ರ ಒಂದೇ ಫಾರ್ವರ್ಡ್ ಆಗ್ತಾ ಹೋಗುತ್ತೆ. ಅವನಿಗೆ ವಿಷ್ಯ ಬಿಡಿಸಿ ಹೇಳಿದೆ, ಅವನೇ ತಂಡದವರೆಲ್ಲ ಕೆಲಸ ಮಾಡೋ ಟೇಬಲ್‌ನ ಒಂದು ಫೋಟೋ ತಂದ, ಅಂಕಿ ಇಲ್ಲದ್ದು.

ಹಾಕಿದ ಕ್ಯಾಪ್ಶನ್ ಇದು, ಲೀಡ್ ಇನ್ವೆಸ್ಟರ್ ಹೆಸರು ಬಿಟ್ಟು ಪೂರ್ತಿ ಕೊಡ್ತೀನಿ:

"ನಮ್ಮ ಸಾಫ್ಟ್‌ವೇರನ್ನ ದಿನಾ ಬಳಸೋ 32 ವರ್ಕ್‌ಶಾಪ್‌ಗಳಿಗೆ ಮೊದಲ ಥ್ಯಾಂಕ್ಸ್. ಹೋದ ವರ್ಷ ಇದೇ ಹೊತ್ತಿಗೆ ನೀವು 8 ಇದ್ರಿ. ನಮ್ಮಿಂದ ತಪ್ಪಾದ ದಿನ ಫೋನ್ ಮಾಡಿ ಬೈದು, ಸರಿಯಾಗೋವರೆಗೂ ಕಾದು, ಮತ್ತೆ ಲಾಗಿನ್ ಆದೋರು ನೀವು. ಈ ತಿಂಗಳು ಹೊಸ ಹೂಡಿಕೆದಾರರು ನಮ್ಮ ಕಂಪನಿಯಲ್ಲಿ ಹಣ ಹೂಡಿದ್ದಾರೆ. ಒಟ್ಟು ಹೊಸ ಹೂಡಿಕೆ 70, ಹಂತ ಹಂತವಾಗಿ ಬರುತ್ತೆ. ಇದು ನಮ್ಮ ಗಳಿಕೆ ಅಲ್ಲ, ಮಾಡಬೇಕಾದ ಕೆಲಸಕ್ಕೆ ಬಂದಿರೋ ದುಡ್ಡು. ಮೊದಲು ಸರ್ವಿಸ್ ದಾಖಲೆ ಯಾವತ್ತೂ ಕಳೆದುಹೋಗದ ಹಾಗೆ ಮಾಡೋದು, ಆಮೇಲೆ ಫೋನ್ ಎತ್ತಿ ಉತ್ತರ ಕೊಡೋಕೆ ಇನ್ನಿಬ್ಬರನ್ನ ತಗೊಳ್ಳೋದು. ತೋರಿಸೋಕೆ ನಮ್ಮ ಹತ್ರ ಏನೂ ಇಲ್ದೇ ಇದ್ದಾಗ ದುಡ್ಡು ಕೊಟ್ಟ ಐದು ಜನರಿಗೆ, ಮೊದಲ ವರ್ಶನ್ ಕಟ್ಟಿ ಈಗ ಬೇರೆ ಕಡೆ ಇರೋ ಇಬ್ಬರಿಗೆ, ಈಗ ಇಲ್ಲಿರೋ ಹನ್ನೊಂದು ಜನರಿಗೆ ಋಣಿ."

ಇದನ್ನ ಹಾಕೋ ಮುಂಚೆ, ಅವತ್ತು ಬೆಳಿಗ್ಗೆ, ಫೌಂಡರ್ ಎಲ್ಲರನ್ನೂ ಕೂರಿಸ್ಕೊಂಡು ಮೇಡಂ ಬರೆದ ಹಾಳೆಯನ್ನೇ ತೋರಿಸಿದ್ರು, 18, 12, 40, 30, 20 ತಿಂಗಳು, ಎಲ್ಲಾ. ಹೊರಗೆ ಹೇಳೋಕಾಗದ್ದನ್ನ ಒಳಗೆ ಹೇಳಿದ್ರು, ಹೊರಗೆ ಹೋಗಬಾರದು ಅಂತಾನೂ ಹೇಳಿದ್ರು. ನಮ್ಮವರು ಪೋಸ್ಟ್ ನೋಡಿ ಸುದ್ದಿ ತಿಳ್ಕೊಳ್ಳೋ ಹಾಗೆ ಆಗಬಾರದು ಅನ್ನೋದು ಅವರದೇ ಹಟ.

ಪೋಸ್ಟ್ ಹಾಕಿದ ಮೂರನೇ ದಿನ ಅಕೌಂಟ್ಸ್ ಮೇಡಂಗೆ ಒಂದು ಮೇಲ್ ಬಂತು, ಫೌಂಡರ್ ಹೆಸರಲ್ಲಿ, ಒಬ್ಬ ಹೊಸ ವೆಂಡರ್‌ಗೆ ತುರ್ತಾಗಿ ದುಡ್ಡು ಕಳಿಸಿ, ಮೀಟಿಂಗ್‌ನಲ್ಲಿದ್ದೀನಿ ಫೋನ್ ಮಾಡಬೇಡಿ ಅಂತ. ಫಂಡಿಂಗ್ ಸುದ್ದಿ ನೋಡಿ ಬರೋ ಮೋಸದ ಮೇಲ್‌ಗಳು ಹೀಗೇ ಇರ್ತವೆ. ಕಳಿಸಿದ ವಿಳಾಸದಲ್ಲಿ ನಮ್ಮ ಕಂಪನಿ ಹೆಸರಿನ ಒಂದು ಅಕ್ಷರ ಬೇರೆ ಇತ್ತು. ಮೇಡಂ ಎದ್ದು ಫೌಂಡರ್ ಟೇಬಲ್‌ಗೇ ಹೋಗಿ ಕೇಳಿದ್ರು. ಆಮೇಲಿಂದ ಯಾರಿಗೇ ಕ್ಯಾಪ್ಶನ್ ಬರ್ಕೊಟ್ರೂ, ಹೊಸ ಖಾತೆಗೆ ದುಡ್ಡು ಕಳಿಸೋ ಮೊದಲು ಇಬ್ರು ಬಾಯಿಂದ ಖಾತ್ರಿ ಮಾಡ್ಕೊಳ್ಳಿ ಅಂತ ಪೋಸ್ಟ್ ಹಾಕೋ ಹಿಂದಿನ ದಿನವೇ ಹೇಳ್ತೀನಿ.

ಬಿಟ್ಟು ಹೋದ ಇಬ್ಬರಲ್ಲಿ ಒಬ್ರು ರಾತ್ರಿ ಮೆಸೇಜ್ ಮಾಡಿದ್ರು. "ಇಬ್ಬರಿಗೆ ಅಂತ ಬರ್ದಿದ್ದೀರಲ್ಲ, ಅಮ್ಮನಿಗೆ ಓದಿ ಹೇಳ್ದೆ." ಅಷ್ಟೇ ಇತ್ತು.

ಪೋಸ್ಟ್ ಕೆಳಗೆ ಬಂದ ಮೊದಲ ಕಾಮೆಂಟ್ 32ರಲ್ಲಿ ಒಬ್ಬ ಗ್ರಾಹಕರದ್ದು. "ಒಳ್ಳೇದಾಗ್ಲಿ. ಆ ಪಾರ್ಟ್ಸ್ ಲಿಸ್ಟ್ ಪ್ರಿಂಟ್ ತೆಗೆದ್ರೆ ಎರಡನೇ ಪುಟ ಕತ್ತರಿಸಿ ಹೋಗುತ್ತೆ, ಅದು ಯಾವಾಗ ಸರಿ ಮಾಡ್ತೀರಿ?" ನಾನು ಡೆವಲಪರ್‌ನ ಕೇಳಿ, ಮುಂದಿನ ಸೋಮವಾರದೊಳಗೆ ಸರ್, ಅಂತ ಅಲ್ಲೇ ಉತ್ತರ ಬರೆದೆ. ಸೋಮವಾರ ಮಧ್ಯಾಹ್ನ ಅವರು ಎರಡು ಪುಟದ ಫೋಟೋ ತೆಗೆದು ಅದೇ ಕಾಮೆಂಟ್ ಕೆಳಗೆ ಹಾಕಿದ್ರು.